ಸೆಲ್ಫ್ ಗುಯ್ ಅನ್ನುತ್ತೆ, ಇಂಜಿನ್ ತಿರುಗಲ್ಲ: ಯಾಕೆ?

ತ್ಯಾವಣಿಗೆ ಕಡೆ ಭದ್ರಾ ನಾಲೆಗೆ ನೀರು ಬಿಟ್ಟಾಗ ಗದ್ದೆಗೆ ಟ್ರ್ಯಾಕ್ಟರ್ ಇಳಿಯಲೇಬೇಕು. ಕೀ ತಿರುಗಿಸಿದ್ರೆ ಸೆಲ್ಫ್ ಗುಯ್ ಅಂತ ಸುತ್ತುತ್ತೆ, ಇಂಜಿನ್ ಮಾತ್ರ ಅಲ್ಲಾಡಲ್ಲ. ಬ್ಯಾಟರಿ ಬದಲಾಯಿಸಬೇಡಿ. ಮೋಟರ್ ಜೋರಾಗಿ ಸುತ್ತಿದೆ ಅಂದ್ರೆ ಕರೆಂಟ್ ಸರಿಯಾಗಿ ಬರ್ತಿದೆ.

ಕೀ ಹಾಕಿದಾಗ ಸೊಲೆನಾಯ್ಡ್ ಫೋರ್ಕ್ ಎಳೆದು, ಬೆಂಡಿಕ್ಸ್ ಗೇರನ್ನು ಫ್ಲೈವೀಲ್ ಹಲ್ಲಿಗೆ ಕೂರಿಸುತ್ತೆ. ಆಮೇಲೆ ಮೋಟರ್‌ಗೆ ಕರೆಂಟ್ ಕೊಡುತ್ತೆ. ಗೇರ್ ಕೂರದಿದ್ದರೂ, ಕೂತು ಜಾರಿದರೂ ಇದೇ ಸದ್ದು.

ಸೊಲೆನಾಯ್ಡಿನ ಎರಡು ದೊಡ್ಡ ಬೋಲ್ಟಿಗೆ ಸ್ಕ್ರೂಡ್ರೈವರ್ ಇಟ್ಟು ನೋಡಬೇಡಿ. ಹಾಗೆ ಮಾಡಿದ್ರೆ ಒಳ್ಳೆ ಸೆಲ್ಫ್ ಕೂಡ ಗೇರ್ ಹೊರಗೆ ಬರದೆ ಬರೀ ಸುತ್ತುತ್ತೆ.

ಕರಕರ ಸದ್ದು ಇದ್ರೆ ಹಲ್ಲು ಸವೆದಿದೆ. ಕೀ ತೆಗೆದು, ಟಾಪ್ ಗೇರಿನಲ್ಲಿ ಟ್ರ್ಯಾಕ್ಟರ್ ಸ್ವಲ್ಪ ತಳ್ಳಿ, ನ್ಯೂಟ್ರಲ್ ಮಾಡಿ ಮತ್ತೆ ಪ್ರಯತ್ನಿಸಿ. ಈಗ ಹಿಡಿದ್ರೆ ಫ್ಲೈವೀಲ್ ರಿಂಗಿನಲ್ಲಿ ಒಂದು ಕಡೆ ಹಲ್ಲು ಹೋಗಿದೆ.

ಬರೀ ಗುಯ್ ಅಂದ್ರೆ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಸೆಲ್ಫ್ ಇಳಿಸಿ. ಬೆಂಡಿಕ್ಸ್ ಗೇರನ್ನು ಕೈಯಲ್ಲಿ ತಿರುಗಿಸಿ. ಒಂದು ಕಡೆ ಸಲೀಸಾಗಿ ತಿರುಗಬೇಕು, ಇನ್ನೊಂದು ಕಡೆ ಹಿಡಿಯಬೇಕು. ಎರಡೂ ಕಡೆ ಜಾರಿದ್ರೆ ಒಳಗಿನ ಕ್ಲಚ್ ಹೋಗಿದೆ, ಬೆಂಡಿಕ್ಸ್ ಬದಲಾಯಿಸಿ.

ಅದು ಸರಿಯಿದ್ರೆ ಸೆಲ್ಫನ್ನು ವೈಸಿಗೆ ಬಿಗಿದು, ಬಾಡಿಗೆ ನೆಗೆಟಿವ್, ಸೊಲೆನಾಯ್ಡಿನ ಸಣ್ಣ ಟರ್ಮಿನಲ್‌ಗೆ ಪಾಸಿಟಿವ್ ಕೊಡಿ, ಕ್ಷಣ ಮಾತ್ರ. ಟಕ್ ಅಂದರೂ ಗೇರ್ ಮುಂದೆ ಬರದಿದ್ರೆ ಫೋರ್ಕ್ ಮುರಿದಿದೆ, ಇಲ್ಲವೇ ಶಾಫ್ಟಿನ ಮೇಲೆ ಕೊಳೆ ಕಟ್ಟಿದೆ.

ಕೊಳೆ ಒರೆಸಿ ತೆಗೆಯಿರಿ. ಬೆಂಡಿಕ್ಸನ್ನು ಮಾತ್ರ ಡೀಸೆಲ್‌ನಲ್ಲಿ ತೊಳೆಯಬೇಡಿ, ಕ್ಲಚ್ಚಿನ ಒಳಗಿನ ಗ್ರೀಸ್ ಹೋಗುತ್ತೆ.