ಎಸೆತದ ವೇಗ ಎಲ್ಲಿಂದ ಬರುತ್ತದೆ?

2010ರ ಸೆಪ್ಟೆಂಬರಿನಲ್ಲಿ ಸ್ಯಾನ್ ಡಿಯಾಗೊದಲ್ಲಿ ಬೇಸ್‌ಬಾಲ್ ಪಿಚರ್ ಅರೋಲ್ಡಿಸ್ ಚಾಪ್‌ಮನ್ ಎಸೆದ ಚೆಂಡು ಗಂಟೆಗೆ ಸುಮಾರು 170 ಕಿ.ಮೀ. ವೇಗ ಮುಟ್ಟಿತು. ಬರೀ ರಟ್ಟೆಯ ಬಲದಿಂದ ಇಷ್ಟು ವೇಗ ಸಾಧ್ಯವಿಲ್ಲ. ಕುರ್ಚಿಯಲ್ಲಿ ಕೂತು ಎಸೆದರೆ ಎಂಥ ಬಲಶಾಲಿಯ ಚೆಂಡೂ ಸೊರಗುತ್ತದೆ.

ಬಲಗೈ ಆಟಗಾರನ ಎಸೆತ ಎಡಗಾಲು ನೆಲಕ್ಕೆ ಊರಿದಾಗ ಬಿಗಿಗೊಳ್ಳುತ್ತದೆ. ಮೊದಲು ಸೊಂಟ ಗುರಿಯತ್ತ ತಿರುಗುತ್ತದೆ. ಎದೆ ಆಗಲೂ ಪಕ್ಕಕ್ಕೇ ಮುಖ ಮಾಡಿರುತ್ತದೆ. ಸೊಂಟದ ತಿರುಗು ತನ್ನ ಗರಿಷ್ಠ ವೇಗ ಮುಟ್ಟಿ ನಿಧಾನವಾಗುವಾಗ ಎದೆ ಅದಕ್ಕಿಂತ ಜೋರಾಗಿ ಸುತ್ತುತ್ತದೆ. ದೊಡ್ಡ ಭಾಗದ ಚಲನೆ ಹೀಗೆ ಒಂದೊಂದಾಗಿ ಚಿಕ್ಕ, ಹಗುರ ಭಾಗಗಳಿಗೆ ದಾಟುತ್ತದೆ.

ಎದೆ ಮುಂದೆ ನುಗ್ಗಿದಾಗ ಮೊಣಕೈ ಮಡಿಸಿದ ತೋಳು ಹಿಂದುಳಿಯುತ್ತದೆ. ಮುಂಗೈ ಹಿಂದಕ್ಕೆ ವಾಲಿ, ಅಂಗೈ ಆಕಾಶ ನೋಡುವಷ್ಟು ಭುಜ ಹೊರಕ್ಕೆ ತಿರುಗುತ್ತದೆ. ಎದೆಯ ಮತ್ತು ಬೆನ್ನಿನ ಸ್ನಾಯುಗಳು, ಸ್ನಾಯುರಜ್ಜುಗಳು ಎಳೆದ ರಬ್ಬರಿನಂತೆ ಹಿಗ್ಗಿ ಶಕ್ತಿ ಹಿಡಿದಿಡುತ್ತವೆ. ಮರುಕ್ಷಣವೇ ರಟ್ಟೆಯ ಮೂಳೆ ತನ್ನ ಉದ್ದದ ಸುತ್ತಲೇ ಒಳಮುಖವಾಗಿ ತಿರುಗುತ್ತದೆ. ಇದೇ ಭುಜದ ಒಳತಿರುಗು. ನುರಿತ ಪಿಚರ್‌ಗಳಲ್ಲಿ ಇದು ಸೆಕೆಂಡಿಗೆ ಸುಮಾರು 7000 ಡಿಗ್ರಿ ಮುಟ್ಟುತ್ತದೆ. ದೇಹದ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು.

ಮೂಳೆ ತನ್ನಷ್ಟಕ್ಕೆ ಸುತ್ತಿದರೆ ಚೆಂಡಿಗೇನು ಲಾಭ? ಗುಟ್ಟು ಮೊಣಕೈಯ ಮಡಿಕೆಯಲ್ಲಿದೆ. ಮಡಿಸಿದ ಮುಂಗೈ ಆ ಮೂಳೆಗೆ ಅಡ್ಡವಾಗಿ ನಿಲ್ಲುವುದರಿಂದ ಚೆಂಡು ಅದರ ಸುತ್ತಲೂ ದೊಡ್ಡ ಕಮಾನಿನಲ್ಲಿ ಬೀಸುತ್ತದೆ. ಬಿಡುಗಡೆಯ ಹೊತ್ತಿಗೆ ಮೊಣಕೈ ಬಹುಪಾಲು ನೆಟ್ಟಗಾಗಿರುತ್ತದೆ, ಚೆಂಡು ಮೂಳೆಯ ಗೆರೆಯಿಂದ ಸುಮಾರು 15 ಸೆಂ.ಮೀ. ದೂರವಷ್ಟೇ ಇದೆ ಎನ್ನಿ. ಆಗಲೂ 7000 ಡಿಗ್ರಿಯ ತಿರುಗು ಗಂಟೆಗೆ ಸುಮಾರು 66 ಕಿ.ಮೀ. ವೇಗ ಕೊಡುತ್ತದೆ. ತೋಳು ಬೇಗನೆ ಪೂರ್ತಿ ನೆಟ್ಟಗಾದರೆ ಆ ದೂರವೇ ಇಲ್ಲವಾಗಿ ಒಳತಿರುಗು ವ್ಯರ್ಥ. ಕೊನೆಗೆ ಮಣಿಕಟ್ಟು ಬಾಗಿ, ತೋರುಬೆರಳು ಮತ್ತು ಮಧ್ಯದ ಬೆರಳು ಚೆಂಡಿಗೆ ಹಿಂದಿರುಗು ಕೊಟ್ಟು ಬಿಡುತ್ತವೆ.

ಕ್ರಿಕೆಟ್ ಬೌಲರ್ ಮೊಣಕೈಯನ್ನು 15 ಡಿಗ್ರಿಗಿಂತ ಹೆಚ್ಚು ನೆಟ್ಟಗೆ ಮಾಡುವಂತಿಲ್ಲವಾದ್ದರಿಂದ ಈ ಬೀಸು ಅವನಿಗೆ ಸಿಗದು. ಬೌಂಡರಿಯ ಫೀಲ್ಡರ್‌ಗೆ ಸಿಗುತ್ತದೆ. ಅವನಲ್ಲಿ ಮಾಮೂಲಿ ತಪ್ಪು, ಸೊಂಟವೂ ಎದೆಯೂ ಒಟ್ಟಿಗೆ ತಿರುಗುವುದು. ಆಗ ತೋಳೇ ಎಲ್ಲ ಹೊರೆ ಹೊರುತ್ತದೆ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ನೋಡಿ: ಮುಂಗಾಲು ಊರಿದಾಗಲೇ ಎದೆ ಗುರಿಗೆ ತೆರೆದಿದ್ದರೆ ಕ್ರಮ ತಪ್ಪಿದೆ.

ಸರಿಯಾದ ಎಸೆತದಲ್ಲೂ ಭುಜ ಹಿಂದಕ್ಕೆ ತಿರುಗಿ ಮುಂದೆ ಹೊರಳುವ ಗಳಿಗೆಯಲ್ಲಿ ಮೊಣಕೈಯ ಒಳಬದಿಯ ಅಸ್ಥಿರಜ್ಜು ವಿಪರೀತ ಜಗ್ಗುತ್ತದೆ. ಮಕ್ಕಳು ಅಲ್ಲಿ ನೋವೆಂದರೆ ಎಸೆಯುವುದನ್ನು ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ.