ಬಟ್ಟೆ ಬದಲಾಗಲಿ, ಸೊಂಟ ಹಾಗೇ ಇರಲಿ

ಯೋಗ ತರಗತಿಯ ಕರಪತ್ರಕ್ಕೆ ಫೋಟೊ ಬೇಕು. ಐವತ್ತು ದಾಟಿದ ಶಿಕ್ಷಕಿಯೊಬ್ಬರ ಬಳಿ ಒಂದು ಒಳ್ಳೆಯ ಫೋಟೊ ಇದೆ ಎಂದಿಟ್ಟುಕೊಳ್ಳೋಣ. ತ್ರಿಕೋನಾಸನ, ಕಾಲು ನೆಟ್ಟಗಿವೆ, ಮುಖದಲ್ಲಿ ಸಣ್ಣ ನಗು. ಮೈಮೇಲೆ ಮಾತ್ರ ಮನೆಯಲ್ಲಿ ಹಾಕುವ ಸಡಿಲ ಕಾಟನ್ ಕುರ್ತಾ. ‘ಇದನ್ನೇ ಟೀ ಶರ್ಟು, ಲೆಗ್ಗಿಂಗ್ಸ್ ಮಾಡಿಕೊಡಪ್ಪ’ ಎಂದು ಡಿಟಿಪಿ ಅಂಗಡಿಯ ಹುಡುಗನಿಗೆ ಕೊಡುತ್ತಾರೆ. ಸಂಜೆ ಬಂದ ಚಿತ್ರದಲ್ಲಿ ಬಟ್ಟೆ ಸೊಗಸಾಗಿದೆ. ಒಳಗಿರುವ ಹೆಂಗಸು ಮಾತ್ರ ಬೇರೆ ಯಾರೋ; ಮುಖವೊಂದು ಇವರದು.

ಹುಡುಗ ಬೇಕೆಂದೇ ತೆಳ್ಳಗೆ ಮಾಡಿರುವುದಿಲ್ಲ. ಸಡಿಲ ಬಟ್ಟೆಯ ಫೋಟೊದಲ್ಲಿ ದೇಹದ ಅಂಚು ಇರುವುದೇ ಇಲ್ಲ, ಇರುವುದು ಬಟ್ಟೆಯ ಅಂಚು. ತ್ರಿಕೋನಾಸನದಲ್ಲಿ ಮುಂಡ ಪಕ್ಕಕ್ಕೆ ಬಾಗಿ ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿರುತ್ತದೆ. ಆಗ ಕುರ್ತಾ ಮೇಲಿನ ಪಕ್ಕೆಗೆ ಅಂಟಿಕೊಳ್ಳುತ್ತದೆ, ಕೆಳಗಿನ ಪಕ್ಕೆಯಿಂದ ಜೋಲುತ್ತದೆ. ಮೇಲಿನ ಗೆರೆ ನಿಜ, ಕೆಳಗಿನದು ಜೋಲುವ ಬಟ್ಟೆಯದು. ಕುರ್ತಾ ತೆಗೆದು ಮೈಗಂಟುವ ಟೀ ಶರ್ಟು ಕೂರಿಸಬೇಕಾದರೆ ಕೆಳಗಿನ ಸೊಂಟದ ಗೆರೆಯನ್ನು ಯಾರಾದರೂ ಊಹಿಸಲೇಬೇಕು. ಊಹೆ ಮಾಡುವವನ ಕಣ್ಣಲ್ಲಿ ಜಾಹೀರಾತಿನ ರೂಪದರ್ಶಿಯರು ತುಂಬಿರುತ್ತಾರೆ, ಗೆರೆ ಒಳಕ್ಕೆ ಸರಿಯುತ್ತದೆ. ಬಟ್ಟೆ ಬದಲಿಸಿಕೊಡುವ ಆ್ಯಪ್‌ಗಳಿಗೂ ಇದೇ ತೊಂದರೆ. ಅಲ್ಲಿ ಮುಚ್ಚಿದ್ದ ಮೈಯನ್ನೆಲ್ಲ ಆ್ಯಪ್ ತಾನೇ ಹೊಸದಾಗಿ ಬಿಡಿಸುತ್ತದೆ.

ಶಿಕ್ಷಕಿ ಊರಲ್ಲೇ ಇದ್ದರೆ ಸರಿಯಾದ ಬಟ್ಟೆ ಹಾಕಿಸಿ ಇನ್ನೊಂದು ಫೋಟೊ ತೆಗೆಯುವುದೇ ಒಳ್ಳೆಯದು; ಎಡಿಟ್ ಮಾಡುವುದಕ್ಕಿಂತ ಬೇಗ ಮುಗಿಯುತ್ತದೆ. ಮೊಬೈಲಿನಲ್ಲೇ ಸಾಕು. ಮೂರು ಮೀಟರಿನಷ್ಟು ದೂರ ನಿಂತು, ಹೊಕ್ಕುಳ ಮಟ್ಟದಲ್ಲಿ ಫೋನ್ ಹಿಡಿಯಬೇಕು. ಇಡೀ ಕೋಣೆ ಬರಲಿ ಎಂದು 0.5x ಒತ್ತಿದರೆ ಚಿತ್ರದ ಅಂಚಿಗೆ ಬಂದ ಕೈಕಾಲು ರಬ್ಬರಿನಂತೆ ಉದ್ದವಾಗುತ್ತವೆ. ನಿಂತವರ ಕಣ್ಣೆತ್ತರದಿಂದ ಹತ್ತಿರದಲ್ಲಿ ತೆಗೆದರೆ ಕಾಲು ಗಿಡ್ಡ, ನೆಲದ ಹತ್ತಿರದಿಂದ ತೆಗೆದರೆ ಉದ್ದ. ಎಡಿಟಿಂಗ್ ಶುರುವಾಗುವ ಮೊದಲೇ ಮೈ ಅಳತೆ ಕೆಡುವುದು ಇಲ್ಲಿ.

ಹಳೆಯ ಫೋಟೊವೇ ಬೇಕೆಂದಾದರೆ ಬಟ್ಟೆಯ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಕುರ್ತಾದ ಗೆರೆಯೊಳಗೇ ಕೂರುವ ಬಟ್ಟೆ ಆರಿಸಬೇಕು: ಸೊಂಟದ ಕೆಳಗೆ ಬರುವ ನೇರ ಟೀ ಶರ್ಟು, ಸ್ವಲ್ಪ ಸಡಿಲವಿರುವ ಪ್ಯಾಂಟು. ಜೋಲುವ ಕೆಳಗಂಚನ್ನು ಅದೇ ಜಾಗದಲ್ಲಿ ಬಿಟ್ಟು ಕುತ್ತಿಗೆ, ತೋಳು, ಬಣ್ಣ ಬದಲಿಸಿದರೆ ಕುರ್ತಾ ಟೀ ಶರ್ಟಾಗುತ್ತದೆ, ಊಹೆ ಬಹಳ ಕಡಿಮೆ. ಲೆಗ್ಗಿಂಗ್ಸೇ ಆಗಬೇಕೆಂದು ಹಟ ಹಿಡಿದರೆ, ಅದೇ ಶಿಕ್ಷಕಿ ಮೈಗಂಟುವ ಬಟ್ಟೆಯಲ್ಲಿ ಅದೇ ಆಸನ ಹಾಕಿದ ಇನ್ನೊಂದು ಫೋಟೊ ಅಳತೆಗೆ ಬೇಕು. ಅದಿಲ್ಲದಿದ್ದರೆ ಆಗದು ಎಂದು ಹೇಳಿಬಿಡುವುದು ಲೇಸು.

ಯೋಗದಲ್ಲಿ ಮೈಗಂಟುವ ಬಟ್ಟೆಗೆ ಫ್ಯಾಷನ್ನಿನದಲ್ಲದ ಕಾರಣವೂ ಇದೆ. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ 1966ರಲ್ಲಿ ಹೊರತಂದ ‘ಲೈಟ್ ಆನ್ ಯೋಗ’ದಲ್ಲಿ ಆರುನೂರರ ಹತ್ತಿರ ಫೋಟೊಗಳಿವೆ, ಅವುಗಳಲ್ಲಿ ಅವರು ಗಿಡ್ಡ ಚಡ್ಡಿಯಲ್ಲೇ ಇದ್ದಾರೆ. ಮಂಡಿಚಿಪ್ಪು ಮೇಲೆದ್ದಿದೆಯೇ, ತೊಡೆ ತಿರುಗಿದೆಯೇ ಎಂಬುದು ನೋಡುವವರಿಗೆ ಕಾಣಬೇಕು. ಹಾಗಾಗಿ ಕರಪತ್ರದ ಚಿತ್ರದಲ್ಲಿ ಮಂಡಿ, ಪಾದ, ಮೊಣಕೈ ಕಂಡರೆ ಸಾಕು. ಕಡುಗಪ್ಪು ಲೆಗ್ಗಿಂಗ್ಸ್ ಈ ಕೆಲಸಕ್ಕೆ ಒಗ್ಗುವುದಿಲ್ಲ. ಅಗ್ಗದ ಕಾಗದದ ಮೇಲೆ ಕಪ್ಪು ಒಂದೇ ಮುದ್ದೆಯಾಗಿ, ಮಂಡಿಯ ನೆರಳೂ ತೊಡೆಯ ಉಬ್ಬೂ ಮಾಯವಾಗುತ್ತವೆ. ಮರೂನು, ನವಿಲುನೀಲಿಯಂಥ ನಡುವಿನ ಬಣ್ಣಗಳಲ್ಲಿ ಮಡಿಕೆ ಉಳಿಯುತ್ತದೆ. ಬರಿಯ ಬಣ್ಣ ಬದಲಿಸಲು ಫೋಟೊಶಾಪಿನ Hue/Saturation ಸಾಕು, ದೇಹದ ಗೆರೆ ಮುಟ್ಟುವ ಪ್ರಮೇಯವೇ ಬರುವುದಿಲ್ಲ.

ಮಡಿಕೆಗಳನ್ನು ಅಳಿಸುವ ಚಪಲವೂ ಒಂದಿದೆ. ಕೂತು ಮುಂದಕ್ಕೆ ಬಾಗಿದಾಗ ಹೊಟ್ಟೆಯ ಹತ್ತಿರ ಟೀ ಶರ್ಟು ಮಡಚಿಕೊಳ್ಳುತ್ತದೆ, ಒಳಗೆ ಹೊಟ್ಟೆಯೂ ಮಡಚಿಕೊಂಡಿರುತ್ತದೆ. ಇಸ್ತ್ರಿ ಮಾಡಿದಂತೆ ಆ ಮಡಿಕೆ ತೆಗೆದರೆ ಹೊಟ್ಟೆಯನ್ನೂ ತೆಗೆದಂತೆ.

ಇನ್ನು ಪರೀಕ್ಷೆ. ಎಡಿಟ್ ಆದ ಚಿತ್ರದ ಮೇಲೆ ಮೂಲ ಫೋಟೊವನ್ನು ಇನ್ನೊಂದು ಲೇಯರಾಗಿಟ್ಟು, ಲೇಯರಿನ ಮೋಡನ್ನು Difference ಎಂದು ಬದಲಿಸಿ. ಎರಡೂ ಒಂದೇ ಇರುವ ಕಡೆ ಪರದೆ ಕಪ್ಪಾಗುತ್ತದೆ, ವ್ಯತ್ಯಾಸವಿರುವ ಕಡೆ ಬೆಳಗುತ್ತದೆ. ಮುಖ, ಅಂಗೈ, ಪಾದ, ಹಿಂದಿನ ಗೋಡೆ ಕಪ್ಪಾಗಿರಬೇಕು. ಅಲ್ಲಲ್ಲಿ ಮಸುಕು ಚುಕ್ಕೆಗಳು ಕಂಡರೆ ಅವು ಜೆಪಿಇಜಿ ಮಾಡಿದಾಗ ಬಂದವು, ಚಿಂತೆಯಿಲ್ಲ. ಬಟ್ಟೆಯ ಜಾಗ ಹೇಗೂ ಬೆಳಗುತ್ತದೆ. ಮೊಣಕಾಲಿನ ಕೆಳಗೆ ಬರಿಗಾಲಿನ ಪಕ್ಕದಲ್ಲಿ ತೆಳ್ಳನೆಯ ಬೆಳ್ಳಿಗೆರೆ ಕಂಡಿತೋ, ಕಾಲು ಕಿರಿದಾಗಿದೆ ಅಥವಾ ಸರಿದಿದೆ ಎಂದರ್ಥ. ಮೈ ಹತ್ತಿರದ ಗೋಡೆಯ ಗೆರೆ, ಬಾಗಿಲ ಚೌಕಟ್ಟು ಬಳುಕಿದ್ದರೆ ಅದು ಸೊಂಟ ಒಳಕ್ಕೆ ತಳ್ಳಿದ್ದರ ಗುರುತು.

ಬಟ್ಟೆಯಡಿಯ ಭಾಗಕ್ಕೆ ತಲೆಯನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಮೂಲ ಫೋಟೊದಲ್ಲಿ ನೆತ್ತಿಯಿಂದ ಗಲ್ಲದ ತನಕ 240 ಪಿಕ್ಸೆಲ್ ಇದೆ, ಮೇಲಿನ ಸೊಂಟದ ಮೂಳೆಯ ನೇರಕ್ಕೆ ಮೈಯಗಲ 360 ಇದೆ ಎನ್ನಿ: ಒಂದೂವರೆ ತಲೆ. ಹೊಸ ಚಿತ್ರದಲ್ಲಿ ಅದೇ ಜಾಗ 300ಕ್ಕೆ ಇಳಿದರೆ ಒಂದೂಕಾಲು ತಲೆ. ಆರರಲ್ಲಿ ಒಂದು ಪಾಲು ಸೊಂಟ ಹೋಯಿತು. ಸಡಿಲ ಕುರ್ತಾದ ಬದಲು ಬಿಗಿ ಬಟ್ಟೆ ಬಂದಾಗ ಸ್ವಲ್ಪ ಇಳಿಯುವುದು ಸಹಜ, ಆದರೆ ಅಷ್ಟೂ ಬಟ್ಟೆಯೇ ಆಗಿತ್ತೆಂದು ಯಾರೂ ನಂಬುವುದಿಲ್ಲ.

ಇಷ್ಟೆಲ್ಲ ಮಾಡಿ ಕೊನೆಗೆ ಪುಟ ಕೂರಿಸುವಾಗ ಕೆಡಿಸುವುದೇ ಹೆಚ್ಚು. ಕರಪತ್ರ ಸಾಮಾನ್ಯವಾಗಿ ಎ5, ಅಂದರೆ 148 ಮಿ.ಮೀ. ಅಗಲ, 210 ಎತ್ತರ. ಮೊಬೈಲಿನ ಫೋಟೊ ಹೆಚ್ಚಾಗಿ 3:4. ಅದನ್ನು 148 ಅಗಲಕ್ಕೆ ಕೂರಿಸಿದರೆ ಎತ್ತರ ಸುಮಾರು 197ಕ್ಕೆ ನಿಲ್ಲುತ್ತದೆ, ಮೇಲೆ 13 ಮಿ.ಮೀ. ಖಾಲಿ. ಆ ಖಾಲಿ ತುಂಬಲು ಮೇಲಿನ ಹಿಡಿಕೆ ಹಿಡಿದು ಎಳೆದರೆ ಶಿಕ್ಷಕಿ ಶೇ 6ಕ್ಕಿಂತ ಹೆಚ್ಚು ಉದ್ದವಾಗುತ್ತಾರೆ, ನೋಡುವವರಿಗೆ ತೆಳ್ಳಗೆ ಕಾಣುತ್ತಾರೆ. ಕೋರೆಲ್‌ಡ್ರಾದಲ್ಲಿ ಮೂಲೆಯ ಹಿಡಿಕೆ ಎಳೆದರೆ ಅಳತೆ ಉಳಿಯುತ್ತದೆ, ಪಕ್ಕದ್ದನ್ನು ಎಳೆದರೆ ಕೆಡುತ್ತದೆ. ಫೋಟೊಶಾಪಿನದು ಇನ್ನೊಂದು ಕಿರಿಕಿರಿ: ಹಿಂದೆ Shift ಒತ್ತಿ ಹಿಡಿದರೆ ಅನುಪಾತ ಉಳಿಯುತ್ತಿತ್ತು, 2019ರ ಆವೃತ್ತಿಯಿಂದ ಒತ್ತದೆ ಎಳೆದರೆ ಉಳಿಯುತ್ತದೆ, ಒತ್ತಿದರೆ ಕೆಡುತ್ತದೆ. ಹಳೆ ಅಭ್ಯಾಸದ ಕೈ Shift ಮೇಲೇ ಹೋಗುತ್ತದೆ. ಖಾಲಿ ಜಾಗಕ್ಕೆ ಗೋಡೆಯನ್ನು ಮುಂದುವರಿಸಿ, ಅಲ್ಲೇ ತರಗತಿಯ ಹೆಸರು ಬರೆದರಾಯಿತು; ಇಲ್ಲವೇ ಫೋಟೊ ಒಂದೇ ಅನುಪಾತದಲ್ಲಿ ದೊಡ್ಡದು ಮಾಡಿ ಪಕ್ಕ ಕತ್ತರಿಸಬೇಕು. ತ್ರಿಕೋನಾಸನದಲ್ಲಿ ಕಾಲು ಅಗಲಕ್ಕೆ ಚಾಚಿರುವುದರಿಂದ ಪಾದ ತುಂಡಾಗದಂತೆ ನೋಡಿಕೊಳ್ಳಿ.

ಫ್ರಾನ್ಸಿನಲ್ಲಿ 2017ರ ಅಕ್ಟೋಬರಿನಿಂದ, ಜಾಹೀರಾತಿನ ರೂಪದರ್ಶಿಯ ಮೈ ತೆಳ್ಳಗೋ ದಪ್ಪಗೋ ಮಾಡಿದ್ದರೆ ಫೋಟೊ ತಿದ್ದಲಾಗಿದೆ ಎಂದು ಅದರ ಮೇಲೇ ಬರೆಯಬೇಕು. ನಾರ್ವೆಯಲ್ಲಿ 2022ರ ಜುಲೈಯಿಂದ ಇಂಥದೇ ನಿಯಮವಿದೆ, ಮೈಯ ಆಕಾರ, ಗಾತ್ರ, ಚರ್ಮ ಮೂರಕ್ಕೂ ಅದು ಅನ್ವಯಿಸುತ್ತದೆ. ನಮ್ಮ ಕರಪತ್ರದ ಮಟ್ಟಿಗೆ, ಪ್ರಿಂಟಿಗೆ ಕಳಿಸುವ ಮೊದಲು ಮೂಲ ಮತ್ತು ಹೊಸದು ಎರಡನ್ನೂ ಅಕ್ಕಪಕ್ಕ ಇಟ್ಟು ಶಿಕ್ಷಕಿಗೆ ತೋರಿಸಿ, ಅವರು ಸರಿ ಎಂದ ಮೇಲೆ ಸಾವಿರ ಪ್ರತಿಗೆ ಹೇಳಿ.