ದಾಖಲಾತಿ ವಹಿಯಿಂದ ಪಠ್ಯ ಕಡತಕ್ಕೆ

ಹಳ್ಳಿಯ ಶಾಲೆಯ ಹಳೆಯ ದಾಖಲಾತಿ ವಹಿಗಳನ್ನು ಸ್ವಯಂಸೇವಕರಿಂದ ಟೈಪ್ ಮಾಡಿಸಬೇಕಾದರೆ ಮುಖ್ಯೋಪಾಧ್ಯಾಯರಿಗೆ ಬರೆಯುವ ಇಮೇಲ್‌ನಲ್ಲಿ ಮೊದಲು ಸ್ಪಷ್ಟವಾಗಬೇಕಾದದ್ದು ವಹಿ ಎಲ್ಲಿರುತ್ತದೆ ಎಂಬುದು. ಅದು ಶಾಲೆ ಬಿಟ್ಟು ಹೊರಗೆ ಹೋಗುವುದಿಲ್ಲ. ಶಿಕ್ಷಕರೊಬ್ಬರ ಎದುರಿನಲ್ಲೇ ಪುಟಪುಟವನ್ನೂ ಕಿಟಕಿ ಬೆಳಕಿನಲ್ಲಿ ಫೋಟೊ ತೆಗೆಯಲಾಗುತ್ತದೆ, ಮುಂದಿನ ಕೆಲಸವೆಲ್ಲ ಆ ಚಿತ್ರಗಳಿಂದ. ಹೊಲಿಗೆ ಬಿಟ್ಟ ವಹಿಯನ್ನು ಒತ್ತಿ ಅಗಲಿಸಬಾರದು. ಪೂರ್ತಿ ತೆರೆಯದ ಪುಟವನ್ನು ಎರಡು ಚಿತ್ರಗಳಲ್ಲಿ ಹಿಡಿದರಾಯಿತು.

ಟೈಪ್ ಮಾಡುವುದು ಯುನಿಕೋಡ್ ಕನ್ನಡದಲ್ಲಿ. ಹಳೆಯ ಫಾಂಟ್ ಕ್ರಮದಲ್ಲಿ ಟೈಪಿಸಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ವಹಿಯ ಒಂದು ಸಾಲಿಗೆ ಕಡತದಲ್ಲೂ ಒಂದೇ ಸಾಲು, ಅಂಕಣಗಳ ನಡುವೆ ಗೆರೆ.

ನಿಯಮ ಒಂದೇ: ಇದ್ದದ್ದನ್ನು ಇದ್ದಂತೆ ಬರೆಯುವುದು. ತಂದೆಯ ಹೆಸರು ಒಂದು ಕಡೆ ಕೆಂಚಪ್ಪ, ಇನ್ನೊಂದು ಕಡೆ ಕೆಂಚ ಎಂದಿದ್ದರೆ ಎರಡೂ ಹಾಗೆಯೇ ಇರಬೇಕು. ಹಲವು ಮಕ್ಕಳ ಹುಟ್ಟಿದ ದಿನ ಜೂನ್ 1 ಎಂದಿರುವುದೂ ಉಂಟು. ಮನೆಯವರಿಗೆ ತಾರೀಖು ಗೊತ್ತಿಲ್ಲದಾಗ ಮೇಷ್ಟ್ರು ಅಂದಾಜಿನಲ್ಲಿ ಹಾಕುತ್ತಿದ್ದ ದಿನ ಅದು. ಅದನ್ನು ತಿದ್ದುವ ಅಧಿಕಾರ ಟೈಪಿಸುವವರಿಗಿಲ್ಲ. ಹೊಡೆದುಹಾಕಿ ಸಹಿಯೊಂದಿಗೆ ತಿದ್ದಿದ ಕಡೆ ಹಳೆಯದನ್ನೂ ಹೊಸದನ್ನೂ ಬರೆದು, ಸಹಿ ಇದೆಯೆಂದು ಗುರುತಿಸಬೇಕು.

ಒಂದೇ ಪುಟವನ್ನು ಇಬ್ಬರು ಬೇರೆಬೇರೆಯಾಗಿ, ಒಬ್ಬರದನ್ನೊಬ್ಬರು ನೋಡದೆ ಟೈಪ್ ಮಾಡುತ್ತಾರೆ. ಬಳಿಕ ಎರಡು ಕಡತಗಳನ್ನು ಹೋಲಿಸಿದರೆ ಭಿನ್ನವಾದ ಸಾಲುಗಳಷ್ಟೇ ತೆರೆಯ ಮೇಲೆ ಬರುತ್ತವೆ:

```
diff puta14-a.txt puta14-b.txt | grep -v '^[0-9-]'
< ೨೭|ಬಸಪ್ಪ|ಕೆಂಚಪ್ಪ|೧-೬-೧೯೪೯|೧೩-೬-೧೯೫೫
> ೨೭|ಬಸಪ್ಪ|ಕೆಂಚಪ್ಪ|೧-೬-೧೯೪೬|೧೩-೬-೧೯೫೫
```

ಇದು ತೋರಿಸಲೆಂದು ಕಲ್ಪಿಸಿಕೊಂಡ ಸಾಲು, ಆದರೆ ತೊಡಕು ನಿಜವಾದದ್ದು. ಕೈಬರಹದ ೬ ಮತ್ತು ೯ ಸುಲಭವಾಗಿ ಅದಲುಬದಲಾಗುತ್ತವೆ. ಶಾಲೆ ಸೇರಿದ್ದು 1955ರಲ್ಲಿ ಎಂದ ಮೇಲೆ ಆರು ವರ್ಷದ ಮಗುವೇ ಇರಬೇಕೆಂದು 1949ನ್ನು ಆರಿಸಲು ಮನಸ್ಸಾಗುತ್ತದೆ. ಅದು ತಪ್ಪು ದಾರಿ. ಒಂಬತ್ತು ವರ್ಷಕ್ಕೆ ಶಾಲೆಗೆ ಬಂದ ಮಕ್ಕಳೂ ಆಗ ಇದ್ದರು. ಉತ್ತರವನ್ನು ಅದೇ ಪುಟದ ಕ್ರಮಸಂಖ್ಯೆಗಳಲ್ಲಿ ಹುಡುಕಬೇಕು. ೨೬ ಮತ್ತು ೨೯ ಯಾವುವೆಂಬುದರಲ್ಲಿ ಅನುಮಾನವಿಲ್ಲ. ಬರೆದ ಕೈ ಒಂದೇ ಆಗಿದ್ದರೆ ಅಲ್ಲಿನ ೬, ೯ಗಳ ತಿರುವನ್ನು ಇಲ್ಲಿಗೆ ಹೋಲಿಸಬಹುದು. ಆಗಲೂ ತಿಳಿಯದಿದ್ದರೆ ೧೯೪[?] ಎಂದು ಬಿಡುವುದೇ ಪ್ರಾಮಾಣಿಕ ಕೆಲಸ. ಇಬ್ಬರೂ ಒಂದೇ ತಪ್ಪು ಓದಿದ್ದರೆ ಹೋಲಿಕೆಯಲ್ಲಿ ಅದು ಸಿಕ್ಕಿಬೀಳುವುದಿಲ್ಲ. ಹಾಗಾಗಿ ಮೂರನೆಯವರು ಪ್ರತಿ ಪುಟದಿಂದ ಕೆಲವು ಸಾಲುಗಳನ್ನು ಚಿತ್ರದೊಂದಿಗೆ ಮತ್ತೆ ಓದಿ ನೋಡಬೇಕು.

ವಹಿಯಲ್ಲಿ ಜಾತಿಯ ಅಂಕಣವಿದೆ, ಹೆಸರಿರುವವರಲ್ಲಿ ಎಷ್ಟೋ ಜನ ಇಂದಿಗೂ ಊರಿನಲ್ಲಿದ್ದಾರೆ. ಆದ್ದರಿಂದ ಚಿತ್ರಗಳೂ ಪೂರ್ಣ ಕಡತವೂ ಶಾಲೆಯಲ್ಲೇ ಉಳಿಯಬೇಕು, ಸ್ವಯಂಸೇವಕರ ಫೋನಿನಲ್ಲಿರುವ ಪ್ರತಿಗಳನ್ನು ಕೆಲಸ ಮುಗಿದೊಡನೆ ಅಳಿಸಬೇಕು. ಪಠ್ಯ ಕಡತ ಹೆಸರು ಹುಡುಕಿ ಪುಟ ತಿಳಿಯಲಿಕ್ಕೆ ಮಾತ್ರ. ಜನ್ಮದಿನಾಂಕದ ದೃಢೀಕರಣವನ್ನು ಮುಖ್ಯೋಪಾಧ್ಯಾಯರು ಆ ಪುಟವನ್ನೇ ತೆರೆದು, ಮೂಲ ವಹಿ ನೋಡಿ ಬರೆದುಕೊಡಬೇಕು.